ಸಹಾಯ ಬೇಕು: ಅಪ್ಪನ ಹಳೇ ಲೆದರ್ ಶೂ ಯಾವ ಕಂಪನಿಯದು?

ಎಲ್ಲರಿಗೂ ನಮಸ್ಕಾರ. ಫೋಟೊದಲ್ಲಿರುವ ಕಂದು ಬಣ್ಣದ ಲೇಸ್ ಶೂ ನಮ್ಮ ಅಪ್ಪನದು. ದೊಡ್ಡಪ್ಪ ಇಂಗ್ಲೆಂಡಿನಿಂದ ತಂದುಕೊಟ್ಟಿದ್ದಂತೆ. ಅಪ್ಪನ ಅಗಲ ಪಾದಕ್ಕೆ ಇಷ್ಟು ಸರಿಯಾಗಿ ಕೂತ ಶೂ ಇನ್ನೊಂದಿಲ್ಲ, ಅದಕ್ಕೇ ಅದೇ ಕಂಪನಿಯದು ಹುಡುಕುತ್ತಿದ್ದೇನೆ.

ಒಳಗೆ ಹಿಮ್ಮಡಿ ಕೂರುವ ಜಾಗದ ಚಿನ್ನದ ಬಣ್ಣದ ಅಚ್ಚು ಪೂರ್ತಿ ಸವೆದಿದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ, ಚರ್ಮಕ್ಕೆ ತಾಗುವಷ್ಟು ಕೆಳಗೆ ಹಿಡಿದಾಗ ಒತ್ತಿದ ಗುರುತು ನೆರಳಾಗಿ ಎದ್ದಿತು (ಎರಡನೇ ಫೋಟೊ). ಆರು ಅಕ್ಷರ ಇದ್ದಂತಿದೆ, ಕೊನೆಯವು ಇ ಮತ್ತು ಆರ್. ಕೆಳಗೆ 'ಮೇಡ್ ಇನ್ ಇಂಗ್ಲೆಂಡ್'. ಬಾರ್ಕರ್ ಇರಬಹುದೇ ಅಂತ ನನ್ನ ಅನುಮಾನ. ಪಕ್ಕದ ಒಳಮೈಯಲ್ಲಿ ಪೆನ್ನಿನಲ್ಲಿ 8½ ಎಫ್ ಅಂತ ಬರೆದಿದೆ, ಎಫ್ ಅಂದರೆ ಅಗಲದ ಅಳತೆ. ಅದರ ಮುಂದಿನ ಅಂಕಿಗಳು ಅಳಿಸಿವೆ.

ಅಡಿಯ ರಬ್ಬರಿನಲ್ಲಿ ಸಣ್ಣ ದುಂಡು ಗುಬಟುಗಳಿವೆ, ನಡುವೆ 'ಡೈನೈಟ್' ಅಂತಿದೆ. ಅದು ಸೋಲಿನ ಬ್ರ್ಯಾಂಡ್ ಹೆಸರು. ನಾರ್ಥಾಂಪ್ಟನ್ ಕಡೆಯ ಹಲವು ಕಂಪನಿಗಳು ಅದನ್ನೇ ಹಾಕುತ್ತವೆ, ಹಾಗಾಗಿ ಅದರಿಂದ ಶೂ ಯಾರದೆಂದು ಗೊತ್ತಾಗಲ್ಲ. ಮೇಲಾಗಿ ಅಂಚಿನ ಪಟ್ಟಿಯಲ್ಲಿ ಈಗಿನ ಹೊಲಿಗೆಯ ಪಕ್ಕ ಹಳೇ ತೂತುಗಳ ಇನ್ನೊಂದು ಸಾಲು ಕಾಣುತ್ತದೆ. ಸೋಲ್ ಒಮ್ಮೆ ಬದಲಾಗಿರಬೇಕು.

ಬಾರ್ಕರ್ ಹಳೇ ಜೋಡಿ ಇರುವವರು ದಯವಿಟ್ಟು ಒಳಗಿನ ಅಚ್ಚು, ಕೈಬರಹದ ಅಂಕಿಗಳ ಫೋಟೊ ಹಾಕಿ. ಅಕ್ಷರಗಳ ಅಂತರ ಹೋಲಿಸಿ ನೋಡುತ್ತೇನೆ. ಬೇರೆ ಹೆಸರು ಹೊಳೆದರೂ ತಿಳಿಸಿ.