ನೋಂದಣಿ ಶುಲ್ಕ ಕೇಳಿದವರಿಗೆ ನಮ್ಮ ಹುಡುಗ ಬರೆದ ಉತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ಊರಿನಲ್ಲಿರುವ ತಮ್ಮನಿಗೆ ಕೆಲಸದ ಸಂದೇಶ ಬಂದಿದೆ, ನೋಂದಣಿ ಶುಲ್ಕ ಕೇಳುತ್ತಿದ್ದಾರೆ, ಮೋಸವೋ ನಿಜವೋ ತಿಳಿಯದೆ ಏನೆಂದು ಉತ್ತರಿಸುವುದು ಎಂದು ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅದು ಹೇಗೆ ಬಗೆಹರಿಯಿತು ಎಂಬುದನ್ನು ಪೂರ್ತಿಯಾಗಿಯೇ ಬರೆಯುತ್ತೇನೆ.

ನಾನು ಕುಮಟಾದವನು, ಶಾರ್ಜಾಕ್ಕೆ ಬಂದು ಬಹಳ ವರ್ಷಗಳಾದವು. ಅಕ್ಕನನ್ನು ಕಾರವಾರಕ್ಕೆ ಕೊಟ್ಟಿದ್ದೇವೆ, ಅವಳ ಮನೆ ಕೋಡಿಬಾಗದಲ್ಲಿದೆ. ಅವಳ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಒಂದು ವರ್ಷದಿಂದ ಎ.ಸಿ. ದುರಸ್ತಿಯ ಕೆಲಸ ಮಾಡುತ್ತಿದ್ದಾನೆ. ಒಂದು ಸಂಜೆ ಅವನು ನನಗೊಂದು ಸಂದೇಶ ಕಳುಹಿಸಿ, "ಮಾವ, ನೀವು ಅಲ್ಲಿಯೇ ಇದ್ದೀರಲ್ಲ, ಇದನ್ನು ಸ್ವಲ್ಪ ನೋಡಿ" ಎಂದ. ದುಬೈಯ ಹೋಟೆಲ್ ಒಂದರಲ್ಲಿ ಎ.ಸಿ. ತಂತ್ರಜ್ಞನ ಕೆಲಸ, ತಿಂಗಳಿಗೆ 2,800 ದಿರ್ಹಮ್, ವಸತಿ ಉಚಿತ. ಹೆಸರು ನೋಂದಾಯಿಸಲು 4,850 ರೂಪಾಯಿ ಕಟ್ಟಬೇಕು, ಆಯ್ಕೆಯಾಗದಿದ್ದರೆ ಆ ಹಣ ವಾಪಸ್, ಕೊನೆಯ ದಿನ ನಾಳೆ ಎಂದು ಅದರಲ್ಲಿತ್ತು.

ಭಾವ ಆ ಹೊತ್ತಿಗಾಗಲೇ ಸಿಟ್ಟಾಗಿದ್ದರು. "ನೀವು ಕಳ್ಳರು, ಪೊಲೀಸರಿಗೆ ಹಿಡಿದುಕೊಡುತ್ತೇನೆ" ಎಂದು ಬರೆದುಬಿಡು ಎಂದು ಮಗನಿಗೆ ಹೇಳುತ್ತಿದ್ದರು. ಹಾಗೆ ಮಾಡಬೇಡಿ ಎಂದು ನಾನು ತಡೆದೆ. ಅದಕ್ಕೆ ಎರಡು ಕಾರಣಗಳಿದ್ದವು.

ಮೊದಲನೆಯದು, ಹಣ ಕೇಳಿದ್ದಾರೆ ಎಂದ ಮಾತ್ರಕ್ಕೆ ಅದು ಮೋಸ ಎನ್ನಲು ಬರುವುದಿಲ್ಲ. ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದ ಅಡಿಯಲ್ಲಿ ನೋಂದಣಿ ಮಾಡಿಸಿರಬೇಕು. ಹಾಗೆ ನೋಂದಣಿಯಾದವರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲೆ ಶೇ. 18 ಜಿ.ಎಸ್.ಟಿ., ಒಟ್ಟು 35,400 ರೂಪಾಯಿಯವರೆಗೆ ಪಡೆಯಬಹುದು. ಪಡೆದ ಹಣಕ್ಕೆ ರಸೀದಿ ಕೊಡಬೇಕು. ಆದ್ದರಿಂದ ಹಣ ಯಾರು ಕೇಳುತ್ತಿದ್ದಾರೆ, ಯಾವ ಹಂತದಲ್ಲಿ ಕೇಳುತ್ತಿದ್ದಾರೆ ಎಂಬುದನ್ನು ನೋಡಬೇಕು. ಸಂದರ್ಶನ ನಡೆದು ಕೆಲಸ ಖಚಿತವಾದ ಮೇಲೆ ರಸೀದಿಯೊಂದಿಗೆ ಪಡೆಯುವ ಸೇವಾ ಶುಲ್ಕ ಬೇರೆ, ಪಟ್ಟಿಯಲ್ಲಿ ಹೆಸರು ಬರೆಯುವುದಕ್ಕೇ ಕೇಳುವ ನೋಂದಣಿ ಶುಲ್ಕ ಬೇರೆ. 4,850 ಎಂಬ ಮೊತ್ತ ಕಾನೂನಿನ ಮಿತಿಗಿಂತ ಎಷ್ಟೋ ಕಡಿಮೆ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕಳೆದುಕೊಂಡರೂ ಇಷ್ಟಕ್ಕೆಲ್ಲ ಠಾಣೆಗೆ ಹೋಗುವುದೇ ಎಂದು ಜನ ಸುಮ್ಮನಾಗುತ್ತಾರೆ.

ಎರಡನೆಯ ಕಾರಣ ನನಗೆ ಇನ್ನೂ ದೊಡ್ಡದಾಗಿ ಕಂಡಿತು. ಆ ಸಂದೇಶ ಎಲ್ಲಿಂದಲೋ ಬಂದದ್ದಾಗಿರಲಿಲ್ಲ. ಹುಡುಗನ ಸಹಪಾಠಿಯ ಅಣ್ಣ, ಅದೇ ಓಣಿಯವನು, ಒಳ್ಳೆಯ ಅವಕಾಶ ಎಂದು ನಂಬಿ ಕಳುಹಿಸಿದ್ದ. ನಮ್ಮ ಕಡೆ ಕೊಲ್ಲಿಯ ಕೆಲಸದ ಸುದ್ದಿ ಹೆಚ್ಚಾಗಿ ಹೀಗೆಯೇ ಹರಡುತ್ತದೆ. ಭಟ್ಕಳ, ಹೊನ್ನಾವರ, ಅಂಕೋಲಾ ಎಲ್ಲಿ ನೋಡಿದರೂ ಪರಿಚಯದವರ ಮಾತಿನ ಮೇಲೆಯೇ ಹುಡುಗರು ಹೊರಡುತ್ತಾರೆ. ನಾವು ಕಳ್ಳರು ಎಂದು ಬರೆದಿದ್ದರೆ ಮಾತು ಮೊದಲು ತಟ್ಟುತ್ತಿದ್ದುದು ಆ ಹುಡುಗನಿಗೆ. ಸಂದೇಶದ ಹಿಂದೆ ನಿಜವಾಗಿಯೂ ವಂಚಕನಿದ್ದರೆ ಅವನು ಬೈಗುಳಕ್ಕೆ ಹೆದರುವುದಿಲ್ಲ. ತನ್ನ ಸಂದೇಶಗಳನ್ನೆಲ್ಲ ಅಳಿಸಿ, ಸಂಖ್ಯೆಯನ್ನು ತಡೆಹಿಡಿದು ಮುಂದಿನವರ ಹತ್ತಿರ ಹೋಗುತ್ತಾನೆ. ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕಾಗಿ ಮೊದಲು ಬಂದ ಸಂದೇಶದ ಚಿತ್ರವನ್ನು ಸಂಖ್ಯೆ, ದಿನಾಂಕ ಕಾಣುವಂತೆ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಲು ಹೇಳಿದೆ.

ಆಮೇಲೆ ಇಬ್ಬರೂ ಕೂಡಿ ಬರೆದ ಉತ್ತರ ಇದು:

"ನಮಸ್ಕಾರ. ಎ.ಸಿ. ತಂತ್ರಜ್ಞನ ಕೆಲಸದ ಮಾಹಿತಿಗೆ ಧನ್ಯವಾದ, ನನಗೆ ಆಸಕ್ತಿ ಇದೆ. ಹಣ ಕಟ್ಟುವ ಮೊದಲು ದಾಖಲೆ ನೋಡುವುದು ನಮ್ಮ ಮನೆಯ ಪದ್ಧತಿ, ಆದ್ದರಿಂದ ಮೂರು ವಿವರಗಳು ಬೇಕು. ನಿಮ್ಮ ಸಂಸ್ಥೆಯ ಪೂರ್ಣ ಹೆಸರು ಮತ್ತು ವಿದೇಶಾಂಗ ಸಚಿವಾಲಯದ ನೋಂದಣಿ ಸಂಖ್ಯೆ ಯಾವುದು? ಕೆಲಸ ಕೊಡುವ ಕಂಪನಿ ಯಾವುದು, ಅವರ ಡಿಮ್ಯಾಂಡ್ ಲೆಟರ್ ನೋಡಬಹುದೇ? 4,850 ರೂಪಾಯಿ ಯಾವ ಸೇವೆಗೆ, ಅದನ್ನು ಸಂಸ್ಥೆಯ ಹೆಸರಿನ ಖಾತೆಗೆ ಕಟ್ಟಿ ರಸೀದಿ ಪಡೆಯಬಹುದೇ? ಇವು ಬಂದ ಮೇಲೆ ನೋಡಿ ತಿಳಿಸುತ್ತೇನೆ."

ಇಷ್ಟೇ. ಇದರಲ್ಲಿ "ಅನುಮಾನ", "ಮೋಸ", "ನಂಬಿಕೆ" ಎಂಬ ಪದಗಳಿಲ್ಲ. ಮನೆಯ ಪದ್ಧತಿ ಎಂದು ಬರೆದದ್ದು ಹುಡುಗನ ಮುಜುಗರ ಕಳೆಯಲು. ಕೇಳುತ್ತಿರುವುದು ಅವನೊಬ್ಬನೇ ಅಲ್ಲ, ಹಿಂದೆ ಹಿರಿಯರಿದ್ದಾರೆ ಎಂಬುದೂ ಅದರಿಂದ ತಿಳಿಯುತ್ತದೆ. ನಿಜವಾದ ಏಜೆನ್ಸಿಯವರಿಗೆ ಈ ಪ್ರಶ್ನೆಗಳು ಹೊಸದಲ್ಲ. ಡಿಮ್ಯಾಂಡ್ ಲೆಟರ್ ಎಂದರೆ ಇಷ್ಟು ಜನ ಬೇಕು, ಇಂಥ ಕೆಲಸ, ಇಷ್ಟು ಸಂಬಳ ಎಂದು ವಿದೇಶದ ಕಂಪನಿ ಏಜೆನ್ಸಿಗೆ ಬರೆದುಕೊಟ್ಟ ಪತ್ರ. ಅದನ್ನು ಕೇಳಿದಾಗ ಸರಿಯಾದ ಏಜೆನ್ಸಿಯವರು ಕಚೇರಿಗೆ ಬನ್ನಿ, ತೋರಿಸುತ್ತೇವೆ ಎನ್ನುತ್ತಾರೆ. ಆಸಕ್ತಿ ಇದೆ ಎಂಬ ಮಾತನ್ನು ಬಿಡಬೇಡಿ. ಸಂದೇಶ ನಿಜವಾಗಿದ್ದರೆ ಹುಡುಗನಿಗೆ ಆ ಕೆಲಸ ಬೇಕು ತಾನೇ?

ಹುಡುಗ ಇನ್ನೊಂದು ಸಾಲು ಸೇರಿಸಲು ಹೊರಟಿದ್ದ: "ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿದ್ದೇನೆ." ಅದನ್ನು ತೆಗೆಸಿದೆ. ವಿವರಗಳು ತಾಳೆಯಾಗುವ ಮೊದಲು ಪಾಸ್‌ಪೋರ್ಟ್, ಆಧಾರ್ ಯಾವುದನ್ನೂ ಕಳುಹಿಸಬಾರದು. ಹಣ ಹೋದರೆ ಒಮ್ಮೆ ಹೋಯಿತು, ದಾಖಲೆಯ ಪ್ರತಿ ಮಾತ್ರ ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇರುತ್ತದೆ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ನೋಂದಣಿ ಸಂಖ್ಯೆಯನ್ನು ಕೊಟ್ಟೇ ಇದ್ದರು! ಭಾವನ ಮುಖ ಅರಳಿತಂತೆ. ನೋಂದಾಯಿತ ಏಜೆಂಟರ ಪಟ್ಟಿ emigrate.gov.in ತಾಣದಲ್ಲಿದೆ. ಅಲ್ಲಿ ಹುಡುಕಿದಾಗ ಸಂಖ್ಯೆ ಸರಿಯಾಗಿಯೇ ಇತ್ತು, ನೋಂದಣಿ ಚಾಲ್ತಿಯಲ್ಲಿತ್ತು, ಬೇರೆ ರಾಜ್ಯದ ಒಂದು ಏಜೆನ್ಸಿಯದು. ಬಹಳ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಆದರೆ ಆ ಪಟ್ಟಿ ಎಲ್ಲರಿಗೂ ತೆರೆದಿರುವುದರಿಂದ ಯಾರು ಬೇಕಾದರೂ ಅದರಿಂದ ಒಂದು ಸಂಖ್ಯೆಯನ್ನು ತೆಗೆದು ತನ್ನದೆಂದು ಹೇಳಬಹುದು. ಸಂಖ್ಯೆ ನಿಜವೇ ಎಂಬುದು ಒಂದು ಪ್ರಶ್ನೆ, ಸಂದೇಶ ಕಳುಹಿಸಿದವರು ಆ ಸಂಖ್ಯೆಯವರೇ ಎಂಬುದು ಇನ್ನೊಂದು ಪ್ರಶ್ನೆ. ಎರಡನೆಯದನ್ನು ತಿಳಿಯಲು ಸಂದೇಶದಲ್ಲಿದ್ದ ಫೋನಿಗೆ ಕರೆ ಮಾಡಿ ಪ್ರಯೋಜನವಿಲ್ಲ, ಅಲ್ಲಿ ಎತ್ತುವವರು ಅವರೇ. ಏಜೆನ್ಸಿಯ ಸಂಪರ್ಕ ಸಂಖ್ಯೆಯನ್ನು ನಾವೇ ಬೇರೆಡೆಯಿಂದ ಹುಡುಕಿ, ಅದಕ್ಕೆ ಕರೆ ಮಾಡಬೇಕು.

ಮರುದಿನ ಬೆಳಿಗ್ಗೆ ಹುಡುಗ ಹಾಗೆಯೇ ಮಾಡಿದ. ಅಲ್ಲಿಯೂ ದೂರುವ ಮಾತು ಬೇಡವೆಂದು ಹೇಳಿಕೊಟ್ಟಿದ್ದೆ. "ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಈ ಕೆಲಸದ ಸಂದೇಶ ಬಂದಿದೆ, ಇದು ನಿಮ್ಮದೇ ಎಂದು ತಿಳಿದುಕೊಳ್ಳಬೇಕಿತ್ತು" ಎಂದು ಕೇಳಿದ. ಫೋನ್ ಎತ್ತಿದ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡರು. ಆ ಹೋಟೆಲಿನ ಬೇಡಿಕೆ ತಮ್ಮಲ್ಲಿ ಇಲ್ಲ, ಆ ಮೊಬೈಲ್ ಸಂಖ್ಯೆಯವರು ತಮ್ಮವರಲ್ಲ, ಸಂದರ್ಶನಕ್ಕೆ ಮುಂಚೆ ಹಣ ಪಡೆಯುವುದಿಲ್ಲ ಎಂದರು. ಅವರ ಹೆಸರನ್ನೂ ಯಾರೋ ಬಳಸಿಕೊಂಡಿದ್ದರು. ಹುಡುಗ ಮೊದಲೇ ಕೂಗಾಡಿದ್ದರೆ ಈ ಮಾತು ಅವನಿಗೆ ಸಿಗುತ್ತಿರಲಿಲ್ಲ.

ಇನ್ನೊಂದು ಸುಳಿವು ಹಣದ ದಾರಿಯಲ್ಲಿಯೇ ಇತ್ತು. ರಸೀದಿಯ ಪ್ರಶ್ನೆಗೆ ಅವರು ಉತ್ತರಿಸಿರಲಿಲ್ಲ, ಬದಲಿಗೆ ಒಂದು ಯು.ಪಿ.ಐ. ವಿಳಾಸ ಕಳುಹಿಸಿದ್ದರು. ಹಣ ಕಳುಹಿಸುವ ಆಪ್‌ನಲ್ಲಿ ಆ ವಿಳಾಸ ಬರೆದರೆ, ಪಿನ್ ಒತ್ತುವ ಮೊದಲೇ ಬ್ಯಾಂಕಿನಲ್ಲಿರುವ ಹೆಸರು ಕಾಣುತ್ತದೆ. ಅಲ್ಲಿ ಸಂಸ್ಥೆಯ ಹೆಸರಿನ ಬದಲು ಒಬ್ಬ ವ್ಯಕ್ತಿಯ ಹೆಸರಿತ್ತು. ಡಿಮ್ಯಾಂಡ್ ಲೆಟರ್ ಬರಲೇ ಇಲ್ಲ. "ಸೀಟು ತುಂಬುತ್ತಿದೆ, ಬೇಗ ಕಟ್ಟಿ" ಎಂಬ ಮಾತು ಮಾತ್ರ ಮೂರು ಸಲ ಬಂತು.

ನಾವು ಎಮಿರೇಟ್ಸ್‌ನಲ್ಲಿರುವವರು ಈ ಬದಿಯಿಂದ ನೋಡಿ ಹೇಳಬಹುದಾದದ್ದೂ ಇದೆ. ಇಲ್ಲಿಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ವೆಚ್ಚವನ್ನು ಕಂಪನಿಯೇ ಹೊರಬೇಕು, ಕೆಲಸಗಾರನಿಂದ ನೇರವಾಗಿಯೋ ಸುತ್ತುಬಳಸಿಯೋ ವಸೂಲಿ ಮಾಡುವಂತಿಲ್ಲ. ಆದ್ದರಿಂದ ಕಂಪನಿಯೇ ಕೇಳುತ್ತಿದೆ ಎಂದು ಯಾರಾದರೂ ಹೇಳಿದರೆ ಅದು ಇಲ್ಲಿಯ ಕಾನೂನಿಗೆ ಹೊಂದುವುದಿಲ್ಲ. ಆಫರ್ ಲೆಟರ್ ಬಂದಿದ್ದರೆ ಅದರ ಮೇಲಿನ ವಹಿವಾಟು ಸಂಖ್ಯೆಯನ್ನು ಮಾನವ ಸಂಪನ್ಮೂಲ ಸಚಿವಾಲಯದ ತಾಣದಲ್ಲಿ ನಾವು ಪರಿಶೀಲಿಸಿಕೊಡಬಹುದು. ಆದರೆ ಇದಕ್ಕೊಂದು ಮಿತಿಯಿದೆ. ಫ್ರೀ ಝೋನ್ ಕಂಪನಿಗಳ ನೇಮಕಾತಿ ಆಯಾ ಝೋನ್‌ನ ಪ್ರಾಧಿಕಾರದ ಮೂಲಕ ನಡೆಯುತ್ತದೆ, ಅವು ಸಚಿವಾಲಯದಲ್ಲಿ ಕಾಣದಿದ್ದರೆ ಅದನ್ನೇ ಮೋಸದ ಸಾಕ್ಷಿ ಎನ್ನಬೇಡಿ. ಆಗ ಆ ಝೋನ್‌ನಲ್ಲಿಯೇ ವಿಚಾರಿಸಬೇಕು.

ಇಷ್ಟೆಲ್ಲ ತಿಳಿದ ಮೇಲೂ ಹುಡುಗ ಅವರಿಗೆ ಬರೆದದ್ದು ಒಂದೇ ಸಾಲು: "ಕೇಳಿದ ವಿವರಗಳು ಸಿಗದ ಕಾರಣ ಸದ್ಯ ಮುಂದುವರಿಯುವುದಿಲ್ಲ, ಧನ್ಯವಾದ." ಬಳಿಕ ಸಹಪಾಠಿಯ ಅಣ್ಣನ ಮನೆಗೆ ತಾನೇ ನಡೆದು ಹೋದ. ನೀನು ಕಳುಹಿಸಿದ್ದು ಮೋಸ ಎನ್ನದೆ, ಏಜೆನ್ಸಿಯಲ್ಲಿ ವಿಚಾರಿಸಿದೆ, ಅವರು ಹೀಗೆ ಹೇಳಿದರು ಎಂದು ಫೋನಿನ ಮಾತನ್ನಷ್ಟೇ ತಿಳಿಸಿದ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಹಿಂದಿನ ರಾತ್ರಿಯೇ 4,850 ಕಟ್ಟಿದ್ದೇನೆ, ಈಗ ವೀಸಾ ಶುಲ್ಕವೆಂದು 18,000 ಕೇಳುತ್ತಿದ್ದಾರೆ, ಅಪ್ಪನ ಹತ್ತಿರ ಕೇಳಲು ಹೊರಟಿದ್ದೆ ಎಂದನಂತೆ. ಅವನ ಅಪ್ಪ ದೋಣಿಗೆ ಹೋಗುವವರು. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಆ ಮನೆಯಲ್ಲಿ 18,000 ರೂಪಾಯಿ ಹೊಂದಿಸುವುದೆಂದರೆ ಏನೆಂದು ಕರಾವಳಿಯವರಿಗೆ ನಾನು ವಿವರಿಸಬೇಕಾಗಿಲ್ಲ.

ಅಲ್ಲಿಯೇ ಕುಳಿತು ಇಬ್ಬರೂ 1930ಕ್ಕೆ ಕರೆ ಮಾಡಿದರು. ಆನ್‌ಲೈನ್ ಹಣ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಎಷ್ಟು ಬೇಗ ಹೇಳಿದರೆ ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಕರೆಯಲ್ಲಿ ಕೇಳುವುದು ಹಣ ಕಳುಹಿಸಿದ ಸಮಯ, ಮೊತ್ತ, ಯಾವ ಖಾತೆಗೆ ಮತ್ತು ಆ ಪಾವತಿಯನ್ನು ಗುರುತಿಸುವ ಯು.ಟಿ.ಆರ್. ಸಂಖ್ಯೆ. ಅದು ಆಪ್‌ನ ವಹಿವಾಟಿನ ವಿವರದಲ್ಲಿ ಇರುತ್ತದೆ. ನಂತರ cybercrime.gov.in ತಾಣದಲ್ಲಿ ದೂರು ದಾಖಲಿಸಿ, ತೆಗೆದಿಟ್ಟಿದ್ದ ಚಿತ್ರಗಳನ್ನೆಲ್ಲ ಸೇರಿಸಿ, ಅದರ ಪ್ರತಿಯೊಂದಿಗೆ ಸೈಬರ್ ಅಪರಾಧಗಳನ್ನು ನೋಡುವ ಕಾರವಾರದ ಸಿ.ಇ.ಎನ್. ಪೊಲೀಸ್ ಠಾಣೆಗೆ ಹೋಗಿ ಬಂದರು.

ಕಟ್ಟಿದ 4,850 ಇನ್ನೂ ಬಂದಿಲ್ಲ. 18,000 ಹೋಗಲಿಲ್ಲ. ಆ ಅಣ್ಣ ಈಗ ಇಂಥ ಸಂದೇಶ ಬಂದಾಗಲೆಲ್ಲ ನಮ್ಮ ಹುಡುಗನಿಗೆ ತೋರಿಸುತ್ತಾನೆ. ಹುಡುಗ ಅದೇ ಮೂರು ಪ್ರಶ್ನೆಗಳನ್ನು ನಕಲು ಮಾಡಿ ಕಳುಹಿಸುತ್ತಾನೆ. ಹೋದ ವಾರ ಮಂಗಳೂರಿನ ಒಂದು ಏಜೆನ್ಸಿಯಿಂದ ಮೂರಕ್ಕೂ ಉತ್ತರ ಬಂದಿದೆ, ಆಯ್ಕೆಯ ನಂತರವೇ ಶುಲ್ಕ ಎಂದಿದ್ದಾರೆ, ಕಚೇರಿಗೆ ಬರಲು ಹೇಳಿದ್ದಾರೆ. ಸೋಮವಾರ ಬೆಳಗಿನ ರೈಲಿಗೆ ಇಬ್ಬರೂ ಹೊರಡುತ್ತಿದ್ದಾರೆ.