ಟೊಳ್ಳು ಶಾಫ್ಟ್ "ಹೆಚ್ಚು ಗಟ್ಟಿ" ಅನ್ನಬಹುದೇ?

ಜಯನಗರದಿಂದ

ಐಟಿಐ ಮಕ್ಕಳಿಗಾಗಿ ಬರೆದ ಕನ್ನಡ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ನಾನು ಭಾಷೆಯ ಕಡೆಯವಳು, ಯಂತ್ರದ ಕಡೆಯವಳಲ್ಲ. ಅದರಲ್ಲಿ ಒಂದು ಸಾಲು ಹೀಗಿದೆ: "ತಿರುಚುವಾಗ ಟೊಳ್ಳು ಶಾಫ್ಟ್ ಗಟ್ಟಿ ಶಾಫ್ಟಿಗಿಂತ ಹೆಚ್ಚು ಗಟ್ಟಿ." ಮೊದಲ ಗಟ್ಟಿ ಅಂದರೆ ಒಳಗೆ ತುಂಬಿಕೊಂಡಿರುವುದು, ಎರಡನೆಯದು ಬಲವಾದದ್ದು ಅಂತ ಕಾಣುತ್ತದೆ. ಪದ ಬದಲಾಯಿಸುವುದು ಕಷ್ಟವಲ್ಲ. ಆದರೆ ಮಾತಾದರೂ ನಿಜವಾ? ಲೋಹ ತೆಗೆದರೆ ಬಲ ಹೆಚ್ಚುವುದು ಹೇಗೆ?

ರಾಜಾಜಿನಗರದಿಂದ

ಮಾತು ನಿಜ. ತಿರುಚುವಾಗ ನಡುವಿನ ಲೋಹಕ್ಕೆ ಕೆಲಸವೇ ಇಲ್ಲ, ಸುಮ್ನೆ ಭಾರ. ತೂತು ಕೊರೆದರೆ ಶಾಫ್ಟ್ ಇನ್ನೂ ಬಲವಾಗುತ್ತದೆ. ಲಾರಿಯ ಪ್ರೊಪೆಲ್ಲರ್ ಶಾಫ್ಟ್ ಪೈಪೇ ಅಲ್ವಾ? ಸಾಲು ಹಾಗೇ ಇರಲಿ.

ಪೀಣ್ಯದಿಂದ

ನಡುವಿನ ಲೋಹಕ್ಕೆ ಕೆಲಸ ಕಡಿಮೆ ಅನ್ನುವುದು ಸರಿ. ತೂತು ಕೊರೆದರೆ ಬಲ ಹೆಚ್ಚುತ್ತದೆ ಅನ್ನುವುದು ತಪ್ಪು, ಮಕ್ಕಳ ಪುಸ್ತಕದಲ್ಲಿ ಅದು ಹೋಗಬಾರದು.

ಶಾಫ್ಟಿನ ಒಂದು ತುದಿ ಹಿಡಿದು ಇನ್ನೊಂದನ್ನು ತಿರುಚಿ. ಹೊರಮೈಯ ಲೋಹ ಎಲ್ಲಕ್ಕಿಂತ ಜಾಸ್ತಿ ಜರುಗುತ್ತದೆ, ನಟ್ಟನಡುವಿನದು ಜರುಗುವುದೇ ಇಲ್ಲ. ಜರುಗಿದಷ್ಟೇ ಅದು ಎದುರು ಬಲ ಕೊಡುತ್ತದೆ. ಜೊತೆಗೆ ಹೊರಗಿನ ಲೋಹ ನಡುವಿನಿಂದ ದೂರ ಇರುವುದರಿಂದ ಅದೇ ಬಲ ತಿರುಚನ್ನು ಹೆಚ್ಚು ತಡೆಯುತ್ತದೆ. ಹೀಗೆ ಹೊರಗಿನ ಲೋಹಕ್ಕೆ ಎರಡು ಕಡೆಯಿಂದ ಲಾಭ.

ಈಗ 50 ಮಿ.ಮೀ. ಸಾಲಿಡ್ ಶಾಫ್ಟಿನ ನಡುವೆ 25 ಮಿ.ಮೀ. ತೂತು ಕೊರೆಯಿರಿ. ತೂಕ ಕಾಲು ಭಾಗ ಹೋಯಿತು. ತಿರುಚು ತಡೆಯುವ ಶಕ್ತಿ ಹೋದದ್ದು ಹದಿನಾರರಲ್ಲಿ ಒಂದು ಭಾಗ, ಅಂದರೆ ಸುಮಾರು 6%. ನಷ್ಟ ಸಣ್ಣದು, ಆದರೂ ನಷ್ಟವೇ.

ನಿಜವಾದ ಉಳಿತಾಯ ಬರುವುದು ಆ ಲೋಹವನ್ನು ಹೊರಗೆ ಸರಿಸಿದಾಗ. ಹೊರವ್ಯಾಸ 60, ಒಳವ್ಯಾಸ 48 ಮಿ.ಮೀ. ಇರುವ ಟ್ಯೂಬ್ ತೆಗೆದುಕೊಳ್ಳಿ. ಉಕ್ಕು ಅದೇ ಆದರೆ, ಇದು ಆ 50ರ ಸಾಲಿಡ್ ಶಾಫ್ಟಿನಷ್ಟೇ ಟಾರ್ಕ್ ತಡೆಯುತ್ತದೆ, ಒಂದು ಕೂದಲೆಳೆ ಹೆಚ್ಚೇ. ಒಂದು ಮೀಟರಿಗೆ ಸಾಲಿಡ್ ಸುಮಾರು 15.4 ಕೆ.ಜಿ., ಟ್ಯೂಬ್ 8 ಕೆ.ಜಿ. ತೂಕ ಹತ್ತಿರ ಹತ್ತಿರ ಅರ್ಧ! ಅಷ್ಟೇ ಟಾರ್ಕಿಗೆ ತಿರುಚಿಕೊಳ್ಳುವ ಕೋನವೂ ಸುಮಾರು 18% ಕಡಿಮೆ.

ಆದರೆ 60ರ ಬೇರಿಂಗ್ ಕೂರುವ ಜಾಗ ಬೇಕು. ಜಾಗವಿಲ್ಲದ ಕಡೆ ಸಾಲಿಡ್ ಶಾಫ್ಟೇ ಗತಿ. ಇನ್ನು ಸಾಲಿಡ್ ರಾಡನ್ನೇ ಉದ್ದಕ್ಕೂ ಕೊರೆದು ಟೊಳ್ಳು ಮಾಡಿದರೆ ತೂಕ ಉಳಿಯುತ್ತದೆ, ದುಡ್ಡು ಉಳಿಯುವುದಿಲ್ಲ.

ಕಾಮಾಕ್ಷಿಪಾಳ್ಯದಿಂದ

ಸರ್, ನನ್ನದೂ ಇದೇ ತೊಂದರೆ. ಗೋದಾಮಿನ ರೋಲಿಂಗ್ ಶಟರ್ ಒಂದು ಬದಿಯ ಗೇರಿನಿಂದ ತಿರುಗುತ್ತದೆ. ಈಚೆಗೆ ಗೇರಿನ ಬದಿ ಮೊದಲು ಏಳುತ್ತದೆ, ಆಚೆ ಬದಿ ಆಮೇಲೆ. ಮೇಲಿರುವುದು ಟೊಳ್ಳು ಪೈಪು. ಹೊರವ್ಯಾಸ 60, ದಪ್ಪ 2 ಮಿ.ಮೀ. ಸಾಲಿಡ್ ರಾಡ್ ಹಾಕಿಸಲಾ?

ಪೀಣ್ಯದಿಂದ

ಬೇಡ, ಮೊದಲು ಪೈಪಿನ ಉದ್ದಕ್ಕೆ ಇರುವ ವೆಲ್ಡಿಂಗ್ ಗೆರೆ ನೋಡಿ. ಅದು ಬಿಟ್ಟುಕೊಂಡಿದ್ದರೆ ಪೈಪು ಟೊಳ್ಳು ಶಾಫ್ಟಾಗಿ ಉಳಿದಿಲ್ಲ, ಸುತ್ತಿಟ್ಟ ತಗಡಾಗಿದೆ. ನಿಮ್ಮ ಅಳತೆಯ ಪೈಪು ಉದ್ದಕ್ಕೂ ಸೀಳಿದರೆ ತಿರುಚಿಗೆ ಅದರ ಬಿಗಿತ 600ರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ತೂಕ ಒಂದು ಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ, ನೋಡಿ!

ಶಟರ್ ಇಳಿಸಿದಾಗ ಪೈಪಿನ ನಡುಭಾಗ ಕಾಣಿಸಿದರೆ ವೆಲ್ಡಿಂಗಿಗೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಶಟರ್ ನೆಲ ಬಿಡುವಷ್ಟು ಮಾತ್ರ ಗೇರ್ ತಿರುಗಿಸಲು ಒಬ್ಬರಿಗೆ ಹೇಳಿ, ನೀವು ಗೆರೆ ನೋಡುತ್ತಿರಿ. ಗೆರೆಯ ಎರಡು ತುಂಡು ಪೈಪಿನ ಉದ್ದಕ್ಕೆ ಒಂದರ ಪಕ್ಕ ಒಂದು ಜಾರಿದರೆ ವೆಲ್ಡ್ ಬಿಟ್ಟಿದೆ ಅಂತಲೇ ಅರ್ಥ. ಕೆಳಗೆ ಯಾರನ್ನೂ ನಿಲ್ಲಿಸಬೇಡಿ. ಗೆರೆ ಜಾರದಿದ್ದರೆ ತುದಿಯ ಜೋಡಣೆ ಸಡಿಲವಾಗಿರಬಹುದು, ಅದನ್ನು ಬಿಚ್ಚಿಯೇ ನೋಡಬೇಕು.

ಜಯನಗರದಿಂದ

ಹಾಗಾದರೆ ಸಾಲನ್ನು ಹೀಗೆ ಬದಲಿಸುತ್ತೇನೆ: "ತೂಕ ಒಂದೇ ಇದ್ದರೆ, ತಿರುಚನ್ನು ತಡೆಯುವುದರಲ್ಲಿ ಟೊಳ್ಳು ಶಾಫ್ಟ್ ತುಂಬು ಶಾಫ್ಟಿಗಿಂತ ಬಲ, ಬಿಗಿತ ಎರಡರಲ್ಲೂ ಮೇಲು." ಆಗಬಹುದಾ?

ರಾಜಾಜಿನಗರದಿಂದ

"ತೂಕ ಒಂದೇ ಇದ್ದರೆ" ಅಂತ ಸೇರಿಸಿದ್ದು ಒಳ್ಳೆಯದಾಯಿತು. ಹಾಗಾದರೆ ಟ್ಯೂಬನ್ನು ತೆಳ್ಳಗೆ ಮಾಡುತ್ತಾ ವ್ಯಾಸ ಹೆಚ್ಚಿಸುತ್ತಲೇ ಹೋಗಬಹುದಲ್ವಾ?

ಪೀಣ್ಯದಿಂದ

ಒಂದು ಮಟ್ಟದವರೆಗೆ ಮಾತ್ರ. ತೀರಾ ತೆಳುವಾದರೆ ಉಕ್ಕು ತನ್ನ ಬಲದ ಮಿತಿ ಮುಟ್ಟುವ ಮೊದಲೇ ಗೋಡೆ ಓರೆಯಾಗಿ ಸುಕ್ಕುಗಟ್ಟಿ ಒಳಗೆ ಕುಸಿಯುತ್ತದೆ. ಆದ್ದರಿಂದ ಮೇಡಂ, "ಗೋಡೆ ತೀರಾ ತೆಳುವಲ್ಲದಿದ್ದರೆ" ಅಂತಲೂ ಸೇರಿಸಿ. "ತುಂಬು ಶಾಫ್ಟ್" ನನಗೆ ಹಿಡಿಸಿತು. "ಬಿಗಿತ" ಮಾತ್ರ ಅನುಮಾನ. ನಮ್ಮ ಶೆಡ್ಡಿನ ಹುಡುಗರಿಗೆ ಬಿಗಿ ಅಂದರೆ ನಟ್ಟು ಟೈಟಾಗಿದೆ ಅಂತ. ಕೋನ ಕಡಿಮೆ ತಿರುಚಿಕೊಳ್ಳುವ ಗುಣಕ್ಕೆ ಬೇರೆ ಮಾತು ಯಾರ ಹತ್ತಿರವಾದರೂ ಇದೆಯಾ?