ನಾಲ್ಕೂವರೆ ಗಂಟೆ ನಿದ್ದೆ ಆದ ದಿನ ಜಿಮ್‌ಗೆ ಹೋಗಬೇಕಾ, ಮಲಗಬೇಕಾ?

ಬೆಂಗಳೂರಿನ ಹುಡುಗ: ಸೋಮವಾರ, ಮಂಗಳವಾರ, ಬುಧವಾರ ಆಫೀಸ್ ಕಾಲ್ ಮುಗಿಯುವಾಗ ರಾತ್ರಿ ಹನ್ನೆರಡೂವರೆ. ಒಂದಕ್ಕೆ ಮಲಗಿ ಐದೂವರೆಗೆ ಏಳುತ್ತೇನೆ, ಆರಕ್ಕೆ ಜಿಮ್. ಮಂಗಳವಾರ ಬೆಂಚ್ ಪ್ರೆಸ್, ಬುಧವಾರ ಡೆಡ್‌ಲಿಫ್ಟ್, ಗುರುವಾರ ಸ್ಕ್ವಾಟ್. ಮೊದಲು 60 ಕೆಜಿ ಬೆಂಚ್ ಮೂರು ಸೆಟ್‌ನಲ್ಲೂ 8 ಬರುತ್ತಿತ್ತು, ಈಗ 8, 6, 5. ಸ್ಕ್ವಾಟ್ ಇನ್ನೂ ಕೆಟ್ಟದಾಗಿದೆ. ಎರಡು ತಿಂಗಳಿಂದ ಊಟ ಕಮ್ಮಿ ಮಾಡಿದ್ದೇನೆ, 73ರಿಂದ 70ಕ್ಕೆ ಇಳಿದೆ. ಆದರೆ ಸೊಂಟ ಹಾಗೇ ಇದೆ, ತೋಳೇ ಸಣ್ಣ ಆಗಿದೆ. ನಿದ್ದೆ ಕಮ್ಮಿ ಆದ ದಿನ ಜಿಮ್ ಬಿಟ್ಟು ಮಲಗಬೇಕಾ?

ದಾವಣಗೆರೆ ಫಿಟ್‌ನೆಸ್: ಬ್ರೋ, ಸಮಸ್ಯೆ ಇರುವುದು ನೀವು ಮಲಗುವ ಟೈಮಲ್ಲಿ. ಗ್ರೋತ್ ಹಾರ್ಮೋನ್ ಬರುವುದು ರಾತ್ರಿ ಹತ್ತರಿಂದ ಎರಡರ ಒಳಗೆ. ಆ ಹೊತ್ತಲ್ಲಿ ಎಚ್ಚರ ಇದ್ದರೆ ಮಸಲ್ ಬೆಳೆಯುವುದಿಲ್ಲ. ಹೇಗಾದರೂ ಮಾಡಿ ಹತ್ತಕ್ಕೆ ಮಲಗಿ.

ಕೋಚ್ ಮೈಸೂರು: ದಾವಣಗೆರೆಯವರ ಮಾತಲ್ಲಿ ಅರ್ಧ ನಿಜ ಇದೆ. ಆ ಹಾರ್ಮೋನ್ ಹೆಚ್ಚಾಗಿ ಬರುವುದು ಗಾಢ ನಿದ್ದೆಯಲ್ಲಿ, ಅದೂ ನಿದ್ದೆ ಹತ್ತಿದ ಮೊದಲ ಒಂದೆರಡು ಗಂಟೆಯಲ್ಲಿ. ಆದರೆ ಅದು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಒಂದಕ್ಕೆ ಮಲಗಿದರೆ ಒಂದರ ನಂತರ ಬರುತ್ತದೆ. ಈ ಹುಡುಗನಿಗೆ ಕೊರತೆ ಆಗುತ್ತಿರುವುದು ಒಟ್ಟು ಗಂಟೆಯಲ್ಲಿ.

ನಿನ್ನ ಲೆಕ್ಕ ನೋಡು ತಮ್ಮ. ಮೊದಲ ಸೆಟ್ ಹಾಗೇ ಇದೆ, 8. ಬಿದ್ದಿರುವುದು ಎರಡನೆಯದು, ಮೂರನೆಯದು. ನಿದ್ದೆ ಕಮ್ಮಿ ಆದಾಗ ಹೀಗೇ ಆಗುವುದು. 1994ರಲ್ಲಿ ಇಂಗ್ಲೆಂಡಿನ ಸಂಶೋಧಕರಿಬ್ಬರು ಎಂಟು ಗಂಡಸರಿಗೆ ಸತತ ಮೂರು ರಾತ್ರಿ ಮೂರೇ ಗಂಟೆ ನಿದ್ದೆ ಕೊಟ್ಟು ಭಾರ ಎತ್ತಿಸಿದರು. ಬೈಸೆಪ್ಸ್ ಕರ್ಲ್‌ನ ಗರಿಷ್ಠ ಭಾರಕ್ಕೆ ಏನೂ ಆಗಲಿಲ್ಲ. ಬೆಂಚ್, ಲೆಗ್ ಪ್ರೆಸ್, ಡೆಡ್‌ಲಿಫ್ಟ್ ಇಳಿಯಿತು. ದಿನ ಕಳೆದ ಹಾಗೆ ಇನ್ನೂ ಜಾಸ್ತಿ ಇಳಿಯಿತು. ನಿನ್ನ ಗುರುವಾರ ಮೂರನೇ ಕಮ್ಮಿ ನಿದ್ದೆಯ ಬೆಳಿಗ್ಗೆ. ಎಲ್ಲಕ್ಕಿಂತ ಭಾರದ ಸ್ಕ್ವಾಟ್ ಅವತ್ತೇ ಇಟ್ಟುಕೊಂಡಿದ್ದೀಯ.

ಮಂಡ್ಯ ರೈಡರ್: ನಾನು ಕಬಡ್ಡಿ ಆಡುವವನು. ನಮ್ಮ ಕಡೆ ಹೊನಲು ಬೆಳಕಿನ ಪಂದ್ಯ ಅಂದರೆ ಸೆಮಿಫೈನಲ್ ಬೆಳಗಿನ ಜಾವ ಮೂರಕ್ಕೆ. ಹೋದ ವರ್ಷ ಎರಡು ರಾತ್ರಿ ಹಾಗೇ ಆಡಿದೆ. ಮೂರನೇ ದಿನ ಪ್ರಾಕ್ಟೀಸ್‌ನಲ್ಲಿ ಸುಮ್ನೆ ಒಂದು ಬೋನಸ್ ಲೈನ್ ಮುಟ್ಟಲು ಕಾಲು ಚಾಚಿದೆ, ತೊಡೆ ಹಿಂದೆ ಹಿಡಿದುಕೊಂಡಿತು. ಆರು ವಾರ ಹೊರಗೆ. ಕೋಚ್ ಸರ್, ಅದು ನಿದ್ದೆಯಿಂದಲೇ ಆಗಿದ್ದಾ?

ಕೋಚ್ ಮೈಸೂರು: ಒಂದೇ ಗಾಯ ನೋಡಿ ಹಾಗೆ ಹೇಳಲು ಬರುವುದಿಲ್ಲ. ಎರಡು ರಾತ್ರಿ ಆಡಿ ಸುಸ್ತಾದ ಕಾಲು ಕೂಡ ಕಾರಣ ಇರಬಹುದು, ಅಲ್ವಾ?

ಶಿವಮೊಗ್ಗ ನರ್ಸ್: ನನಗೂ ಇದೇ ತೊಂದರೆ. ಲೆಗ್ ಡೇ ಆದ ರಾತ್ರಿ ಕಾಲು ನೋವಿಗೆ ನಿದ್ದೆಯೇ ಬರುವುದಿಲ್ಲ. ನೋವಿದ್ದರೂ ಮಲಗುವುದು ಹೇಗೆ?

ಬೆಂಗಳೂರಿನ ಹುಡುಗ: ಅಕ್ಕ, ನನಗೆ ನಿದ್ದೆ ಬರುತ್ತದೆ, ಟೈಮೇ ಸಿಗುವುದಿಲ್ಲ. ಕೋಚ್ ಸರ್, ತೋಳು ಸಣ್ಣ ಆಗಿದ್ದೂ ಇದರಿಂದಲೇನಾ?

ಕೋಚ್ ಮೈಸೂರು: ಒಂದು ಪಾಲು ಇರಬಹುದು. 2010ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ತೂಕ ಜಾಸ್ತಿ ಇದ್ದ ಹತ್ತು ಜನರನ್ನು ಲ್ಯಾಬಿನಲ್ಲೇ ಇಟ್ಟುಕೊಂಡು ಊಟ ಕಮ್ಮಿ ಕೊಟ್ಟರು. ಎರಡು ವಾರ ಎಂಟೂವರೆ ಗಂಟೆ ಹಾಸಿಗೆ, ಇನ್ನೆರಡು ವಾರ ಐದೂವರೆ ಗಂಟೆ. ಎರಡರಲ್ಲೂ ಇಳಿದಿದ್ದು ಸುಮಾರು 3 ಕೆಜಿಯೇ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆಜಿ ಕೊಬ್ಬು, ಕಮ್ಮಿ ಮಲಗಿದಾಗ ಬರೀ 0.6 ಕೆಜಿ. ಉಳಿದದ್ದು ಕೊಬ್ಬಲ್ಲದ ತೂಕ. ತಕ್ಕಡಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ನಿನ್ನ ಹಾಗೆ ಟೇಪ್ ಹಿಡಿದು ಸೊಂಟ, ತೋಳು ಎರಡನ್ನೂ ಅಳೆದರೆ ಅಂದಾಜು ಸಿಗುತ್ತದೆ.

ಹುಬ್ಬಳ್ಳಿ ಲಿಫ್ಟರ್: ಸರ್, ಆ ಹತ್ತು ಜನ ಭಾರ ಎತ್ತುತ್ತಿರಲಿಲ್ಲ. ಇವನು ಎತ್ತುತ್ತಾನೆ. ಅದನ್ನು ಇವನಿಗೆ ಹಾಗೇ ಹಚ್ಚಬಾರದು. ಇನ್ನೊಂದು ಮಾತು. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಐದು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದ್ದಾರೆ. ಸುಮ್ಮನಿದ್ದವರ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವುದು ಕಮ್ಮಿ ಆಯಿತು. ಅಷ್ಟೇ ಕಮ್ಮಿ ಮಲಗಿ ಸೈಕಲ್ ಮೇಲೆ ಜೋರು ಇಂಟರ್ವಲ್ ಮಾಡಿದವರಿಗೆ ಕಮ್ಮಿ ಆಗಲಿಲ್ಲ. ಹಾಗಾಗಿ ಹುಡುಗ ಜಿಮ್ ಬಿಡಬಾರದು. ನಿನ್ನ ಪ್ರೋಟೀನ್ ಎಷ್ಟು, ಅದನ್ನು ಮೊದಲು ಹೇಳು.

ಬೆಂಗಳೂರಿನ ಹುಡುಗ: ಲೆಕ್ಕ ಹಾಕಿದೆ. ದಿನಕ್ಕೆ 60 ಗ್ರಾಂ ಆಗಬಹುದು. ಎರಡು ಮೊಟ್ಟೆ, ಮಧ್ಯಾಹ್ನ ಬೇಳೆ ಸಾರು, ಮೊಸರು, ರಾತ್ರಿ ಒಂದಿಷ್ಟು ಚಿಕನ್.

ಹುಬ್ಬಳ್ಳಿ ಲಿಫ್ಟರ್: ನೋಡಿದ್ರಾ? 70 ಕೆಜಿಯ ಹುಡುಗ ಊಟ ಕಮ್ಮಿ ಮಾಡಿ ಭಾರ ಎತ್ತುವಾಗ 110 ಗ್ರಾಂ ಆದರೂ ಬೇಕು. ತೋಳು ಹೋಗಿದ್ದು ಅಲ್ಲಿ. ಎಲ್ಲವನ್ನೂ ನಿದ್ದೆಯ ಮೇಲೆ ಹಾಕಬೇಡಿ.

ಕೋಚ್ ಮೈಸೂರು: ಪ್ರೋಟೀನ್ ಮಾತು ಒಪ್ಪಿದೆ, ನಾನೇ ಮೊದಲು ಕೇಳಬೇಕಿತ್ತು. ಶಿಕಾಗೊ ಪ್ರಯೋಗದ ಮಿತಿಯೂ ಸರಿ. ಆದರೆ ಆಸ್ಟ್ರೇಲಿಯಾದ್ದು ಬರೀ ಐದು ರಾತ್ರಿ. ಈ ಹುಡುಗನದು ತಿಂಗಳುಗಟ್ಟಲೆ ಆಗಿದೆ. ಸ್ನಾಯು ಉಳಿಯಿತು ಅಂದುಕೊಂಡರೂ ಅವನ ಮೂರನೇ ಸೆಟ್‌ನಲ್ಲಿ 5 ಬಂದಿದ್ದು ಸುಳ್ಳಾಗುವುದಿಲ್ಲ.

ತಮ್ಮ, ಜಿಮ್ ಪೂರ್ತಿ ಬಿಡಬೇಡ, ದಿನ ಬದಲಿಸು. ಸ್ಕ್ವಾಟ್ ಶನಿವಾರಕ್ಕೆ ಹಾಕು, ಅಷ್ಟರಲ್ಲಿ ಎರಡು ರಾತ್ರಿ ಚೆನ್ನಾಗಿ ಮಲಗಿರುತ್ತೀಯ. ಡೆಡ್‌ಲಿಫ್ಟ್ ಸೋಮವಾರಕ್ಕೆ, ಭಾನುವಾರದ ನಿದ್ದೆಯ ಮೇಲೆ. ಮಂಗಳವಾರ ಬೆಂಚ್ ಇರಲಿ, ಒಂದೇ ರಾತ್ರಿಯ ಕೊರತೆ ತಡೆಯುತ್ತದೆ. ಬುಧವಾರ ತೋಳು, ಭುಜದಂಥ ಚಿಕ್ಕ ಕೆಲಸ ಮಾಡು. ಗುರುವಾರ ಅಲಾರಂ ಏಳೂವರೆಗೆ ಇಟ್ಟು ಮಲಗು.

ಬೆಂಚ್ ದಿನ ಮೊದಲ ಸೆಟ್‌ನಲ್ಲೇ ಎರಡು ರೆಪ್ಸ್ ಕಮ್ಮಿ ಬಂದರೆ ಭಾರ 60ರಿಂದ 55ಕ್ಕೆ ಇಳಿಸಿ, ಇನ್ನೊಂದೇ ಸೆಟ್ ಮಾಡಿ ಮನೆಗೆ ಹೋಗು. ಕಾಲ್ ನಡುವೆ ಕಾಫಿ ಕುಡಿಯುತ್ತೀಯಾ?

ಬೆಂಗಳೂರಿನ ಹುಡುಗ: ಹತ್ತು ಗಂಟೆಗೆ ಒಂದು, ಹನ್ನೊಂದೂವರೆಗೆ ಇನ್ನೊಂದು. ಆದರೂ ಮಲಗಿದ ತಕ್ಷಣ ನಿದ್ದೆ ಬರುತ್ತದೆ.

ಕೋಚ್ ಮೈಸೂರು: ನಿದ್ದೆ ಬರುವುದು ಬೇರೆ, ನಿದ್ದೆ ಗಟ್ಟಿಯಾಗಿ ಇರುವುದು ಬೇರೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟಾಗಲೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹೋಗಿತ್ತು. ನಿನ್ನದು ಅಷ್ಟು ಜಾಸ್ತಿ ಇಲ್ಲ, ಆದರೆ ಒಂದೂವರೆ ಗಂಟೆ ಮೊದಲು ಕುಡಿಯುತ್ತಿದ್ದೀಯ. ಹನ್ನೊಂದೂವರೆಯದು ಬಿಡು.

ದಾವಣಗೆರೆ ಫಿಟ್‌ನೆಸ್: ನಾನು ಮೊನ್ನೆ ನಾಲ್ಕು ಗಂಟೆ ಮಲಗಿ 120 ಕೆಜಿ ಡೆಡ್‌ಲಿಫ್ಟ್ ಹೊಡೆದೆ, ನನ್ನ ಇದುವರೆಗಿನ ದಾಖಲೆ. ಅದಕ್ಕೇನು ಹೇಳುತ್ತೀರಿ ಸರ್?

ಕೋಚ್ ಮೈಸೂರು: ಅದು ಆಗುತ್ತದೆ. ಒಂದು ರಾತ್ರಿಯ ನಂತರ ಒಂದೇ ಒಂದು ಸಲ ಎತ್ತುವುದು ಅಷ್ಟು ಬೇಗ ಇಳಿಯುವುದಿಲ್ಲ. ಅವತ್ತೇ 100 ಕೆಜಿಯಲ್ಲಿ ಐದೈದರ ನಾಲ್ಕು ಸೆಟ್ ಮಾಡಿದ್ದರೆ ನಾಲ್ಕನೆಯದು ಹೇಗಿರುತ್ತಿತ್ತು ಅಂತ ನೋಡಬೇಕಿತ್ತು.

ಶಿವಮೊಗ್ಗ ನರ್ಸ್: ನನ್ನ ಪ್ರಶ್ನೆ ಹಾಗೇ ಉಳಿಯಿತು. ಆಸ್ಪತ್ರೆಯಲ್ಲಿ ನನಗೆ ತಿಂಗಳಿಗೆ ಹತ್ತು ನೈಟ್ ಡ್ಯೂಟಿ. ಹಗಲು ಮಲಗಿದ ನಿದ್ದೆ ಲೆಕ್ಕಕ್ಕೆ ಬರುತ್ತದೆಯಾ?

ಹುಬ್ಬಳ್ಳಿ ಲಿಫ್ಟರ್: ಬರುತ್ತದೆ ಮೇಡಂ, ಆದರೆ ಹಗಲು ಮಲಗಿದರೆ ಸಾಮಾನ್ಯವಾಗಿ ಬೇಗ ಎಚ್ಚರ ಆಗಿಬಿಡುತ್ತದೆ. ಡ್ಯೂಟಿ ಮುಗಿಸಿ ನೇರ ಜಿಮ್‌ಗೆ ಹೋಗಬೇಡಿ. ಮೊದಲು ಮಲಗಿ, ಸಂಜೆ ಎದ್ದು ಹೋಗಿ. ನನ್ನ ಅಣ್ಣ ಮಿಲ್ಲಿನಲ್ಲಿ ರಾತ್ರಿ ಪಾಳಿ ಇದ್ದಾಗ ಹಾಗೇ ಮಾಡುತ್ತಿದ್ದ. ಕಾಲು ನೋವಿಗೆ, ಲೆಗ್ ಡೇಯಲ್ಲಿ ಎರಡು ಸೆಟ್ ಕಮ್ಮಿ ಮಾಡಿ ನೋಡಿ.

ಬೆಂಗಳೂರಿನ ಹುಡುಗ: ಮೂರು ವಾರ ಆಯಿತು, ಬಂದು ಹೇಳಬೇಕು ಅನ್ನಿಸಿತು. ದಿನ ಬದಲಿಸಿದೆ, ಪನೀರ್ ಮತ್ತು ಇನ್ನೆರಡು ಮೊಟ್ಟೆ ಸೇರಿಸಿದೆ, ತಡವಾದ ಕಾಫಿ ಬಿಟ್ಟೆ. ಮಂಗಳವಾರ ಬೆಂಚ್ 8, 8, 7. ಶನಿವಾರದ ಸ್ಕ್ವಾಟ್ ಹಳೆಯ ಲೆಕ್ಕಕ್ಕೆ ಬಂದಿದೆ. ತೋಳಿನ ಅಳತೆ ಇನ್ನೂ ಅಷ್ಟೇ ಇದೆ.

ಹುಬ್ಬಳ್ಳಿ ಲಿಫ್ಟರ್: ಪ್ರೋಟೀನ್‌ನಿಂದ ಬಂದಿದ್ದು ಅದು.

ಕೋಚ್ ಮೈಸೂರು: ಮೂರೂ ಒಟ್ಟಿಗೆ ಬದಲಿಸಿದ್ದಾನೆ. ಯಾವುದರಿಂದ ಎಷ್ಟು ಅಂತ ನೀನೂ ಹೇಳಲಾರೆ, ನಾನೂ ಹೇಳಲಾರೆ. ತಮ್ಮ, ತೋಳು ಇನ್ನೊಂದು ತಿಂಗಳು ಬಿಟ್ಟು ಅಳೆದು ಹಾಕು.